ಒಂದೇ ಕಾಂಪೌಂಡಿಗೆ ಐದು ಗೋಡೆ

ಹತ್ತು ಎಕರೆ ಜಮೀನಿಗೆ ಸುತ್ತ ಎಷ್ಟು ಕಾಂಪೌಂಡು ಇರುತ್ತೆ? ಇದೂ ಒಂದು ಪ್ರಶ್ನೆಯೇ, ಒಂದೇ ಅಲ್ಲವೇ ಅಂತೀರಿ. ಅದು ಜಮೀನಿನಲ್ಲಿ ನಿಂತು ನೋಡುವವರ ಉತ್ತರ. ಡ್ರಾಯಿಂಗ್ ಆಫೀಸಿನಲ್ಲಿ ಕೂತು ನೋಡಿದರೆ ಲೆಕ್ಕವೇ ಬೇರೆ. ಸರ್ವೆಯವರದೊಂದು ಕಾಂಪೌಂಡು, ಆರ್ಕಿಟೆಕ್ಟರದೊಂದು, ರಸ್ತೆಯವರದೊಂದು, ಚರಂಡಿಯವರದೊಂದು, ಗಿಡ ನೆಡುವವರದು ಇನ್ನೊಂದು. ಐದೂ ಒಂದೇ ಗೋಡೆ, ಐದೂ ಬೇರೆ ಬೇರೆ ಜಾಗದಲ್ಲಿ. ಯಾವುದು ನಿಜ ಎಂದು ಕೇಳಿದರೆ ಐವರೂ ತಮ್ಮ ಸ್ಕ್ರೀನ್ ತೋರಿಸುತ್ತಾರೆ. ಮೇಸ್ತ್ರಿ ಮಾತ್ರ ಯಾರನ್ನೂ ಕೇಳದೆ, ಮೊದಲು ಕೈಗೆ ಸಿಕ್ಕ ಪ್ರಿಂಟ್ ಹಿಡಿದು ಪಾಯ ತೋಡಿಸಿಬಿಟ್ಟಿರುತ್ತಾನೆ.

ಇದರಲ್ಲಿ ಯಾರೂ ಸೋಮಾರಿಗಳಲ್ಲ ಎನ್ನುವುದೇ ತಮಾಷೆ. ಎಲ್ಲರೂ ಶ್ರದ್ಧೆಯಿಂದ ಕೆಲಸ ಮಾಡಿದ್ದರಿಂದಲೇ ಐದು ಗೋಡೆ ಎದ್ದದ್ದು. ಹೇಗೆ ಅಂತೀರಾ? ಆಟೋಕ್ಯಾಡ್‌ನಲ್ಲಿ ಒಂದು ಡಿಡಬ್ಲ್ಯೂಜಿ ಫೈಲನ್ನು ಒಬ್ಬರು ತೆರೆದು ಕೂತರೆ ಎರಡನೆಯವರಿಗೆ ಅದು ಓದಲು ಮಾತ್ರ ಸಿಗುತ್ತೆ, ತಿದ್ದಿ ಅದೇ ಹೆಸರಿನಲ್ಲಿ ಉಳಿಸಲು ಬಿಡುವುದಿಲ್ಲ. `WHOHAS` ಎಂದು ಕಮಾಂಡ್ ಕೊಟ್ಟು ಆ ಫೈಲನ್ನು ತೋರಿಸಿದರೆ ಯಾರು ಹಿಡಿದು ಕೂತಿದ್ದಾರೆಂದು ಹೇಳುತ್ತೆ. ಹೇಳಿ ಏನು ಪ್ರಯೋಜನ? ಹಿಡಿದವರು ಊಟಕ್ಕೆ ಹೋಗಿರುತ್ತಾರೆ, ಕಂಪ್ಯೂಟರಿಗೆ ಬೀಗ ಹಾಕಿ. ಚರಂಡಿಯವರಿಗೆ ಸಂಜೆಯೊಳಗೆ ಡ್ರಾಯಿಂಗ್ ಕೊಡಬೇಕು. ಅವರು ಏನು ಮಾಡಬೇಕು? ಎಲ್ಲರೂ ಮಾಡುವುದನ್ನೇ ಮಾಡುತ್ತಾರೆ: ಸೇವ್ ಆ್ಯಸ್. `SITE_FINAL.dwg` ಇದ್ದದ್ದು `SITE_FINAL_DRAIN.dwg` ಆಯಿತು. ಅದನ್ನು ನೋಡಿ ರಸ್ತೆಯವರದು `SITE_FINAL_ROAD_NEW.dwg`. ವಾರದ ಕೊನೆಗೆ `SITE_FINAL_FINAL_LATEST.dwg` ಹುಟ್ಟಿ ನಾಮಕರಣವೂ ಆಗಿರುತ್ತೆ. ಒಂದೊಂದರ ಹೊಟ್ಟೆಯಲ್ಲೂ ಅದೇ ಕಾಂಪೌಂಡಿನ ಒಂದೊಂದು ನಕಲು, ನಕಲು ಮಾಡಿದ ದಿನ ಅದು ಎಲ್ಲಿತ್ತೋ ಅಲ್ಲೇ.

ಈ ನಕಲಿನ ರೋಗಕ್ಕೆ ಮದ್ದು ಬಂದು ಮೂರು ದಶಕ ದಾಟಿತು. 1990ರಲ್ಲಿ ಬಂದ ಆಟೋಕ್ಯಾಡ್ ರಿಲೀಸ್ 11ರಲ್ಲೇ ಎಕ್ಸ್‌ಟರ್ನಲ್ ರೆಫರೆನ್ಸ್ ಇತ್ತು. ಆಫೀಸಿನ ಬಾಯಲ್ಲಿ ಅದು ಎಕ್ಸ್‌ರೆಫ್. ಅದರ ಉಪಾಯ ಇಷ್ಟೇ. ನನ್ನ ಫೈಲಿನೊಳಗೆ ನಿಮ್ಮ ಗೆರೆಗಳನ್ನು ತಂದು ತುಂಬಿಕೊಳ್ಳುವುದಿಲ್ಲ. ನಿಮ್ಮ ಫೈಲ್ ಎಲ್ಲಿದೆ, ಅದನ್ನು ಯಾವ ಬಿಂದುವಿನಲ್ಲಿ, ಎಷ್ಟು ಸ್ಕೇಲಿನಲ್ಲಿ, ಎಷ್ಟು ತಿರುಗಿಸಿ ತೋರಿಸಬೇಕು ಎನ್ನುವ ವಿವರ ಮಾತ್ರ ನನ್ನ ಫೈಲಿನಲ್ಲಿ ಇರುತ್ತೆ. ನನ್ನ ಫೈಲ್ ತೆರೆದಾಗಲೆಲ್ಲ ನೀವು ಕೊನೆಗೆ ಸೇವ್ ಮಾಡಿದ್ದು ಹೇಗಿದೆಯೋ ಹಾಗೆ ಬಂದು ನಿಲ್ಲುತ್ತೆ, ಮಸುಕಾದ ಬಣ್ಣದಲ್ಲಿ. ಆ ಮಸುಕು ಎಷ್ಟಿರಬೇಕೆಂದು ಹೇಳುವುದು `XDWGFADECTL`. ನೋಡಬಹುದು, ಅಳೆಯಬಹುದು, ಅದರ ಮೂಲೆಗೆ ಸ್ನ್ಯಾಪ್ ಹಿಡಿದು ನನ್ನ ಗೆರೆ ಎಳೆಯಬಹುದು, ಬೇಡದ ಲೇಯರ್ ಫ್ರೀಜ್ ಮಾಡಬಹುದು. ನಿಮ್ಮ ಗೆರೆಯನ್ನು ಹಿಡಿದು ಎಳೆದಾಡುವುದು ಮಾತ್ರ ಆಗುವುದಿಲ್ಲ.

"ಆಗುತ್ತೆ ಸಾರ್, `REFEDIT` ಇದೆಯಲ್ಲ" ಎನ್ನುವ ಜಾಣರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ನಿಜ, ಅದರಿಂದ ಇನ್ನೊಬ್ಬರ ಫೈಲನ್ನು ನಮ್ಮ ಫೈಲಿನೊಳಗಿಂದಲೇ ತಿದ್ದಬಹುದು. ಆದ್ದರಿಂದಲೇ ಬುದ್ಧಿವಂತ ಸರ್ವೆಯವರು ತಮ್ಮ ಫೈಲಿನಲ್ಲಿ `XEDIT` ಅನ್ನು 0 ಮಾಡಿಟ್ಟಿರುತ್ತಾರೆ. ಆಮೇಲೆ ಆ ಜಾಣರು ಎಷ್ಟು ಸಲ `REFEDIT` ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಮಾಮೂಲಿ ಮುಖ ಮಾಡಿಕೊಂಡು, "ಸರ್ವೆ ಸಾರ್, ಆ ಕಲ್ಲು ಸ್ವಲ್ಪ ನೋಡ್ತೀರಾ?" ಎಂದು ಕೇಳಲೇಬೇಕಾಗುತ್ತೆ.

ಈ ಕೇಳಲೇಬೇಕಾಗುವುದು ಇದೆಯಲ್ಲ, ಎಕ್ಸ್‌ರೆಫ್‌ನ ಸಾರವೇ ಅದು. ಒಂದು ಗೆರೆಗೆ ಒಬ್ಬರೇ ಯಜಮಾನರು. ಮಿಕ್ಕವರು ನೋಡುವವರು. ಇದನ್ನು ಒಪ್ಪದವರ ಕೈಯಲ್ಲಿ ಎಷ್ಟು ಹೊಸ ಆವೃತ್ತಿ ಇದ್ದರೂ ಕಾಂಪೌಂಡು ಐದೇ.

ದೇವನಹಳ್ಳಿ ಕಡೆ ಹತ್ತು ಎಕರೆಯ ಒಂದು ಲೇಔಟ್ ಅಂದುಕೊಳ್ಳಿ. ಐದು ಜನ ಕೆಲಸಕ್ಕೆ ಕೂತಿದ್ದಾರೆ. ಮೊದಲು ಮಾಡಬೇಕಾದದ್ದು ಆಸ್ತಿ ಪಾಲು, ಅದೂ ಫೋಲ್ಡರಿನಲ್ಲಿ:

```
LAYOUT\
  01-SURVEY\S-BASE.dwg
  02-BLDG\A-BLDG.dwg
  03-ROAD\C-ROAD.dwg
  04-DRAIN\C-DRAIN.dwg
  05-LAND\L-TREE.dwg
  06-SHEETS\SHEET-01.dwg
```

`S-BASE` ಸರ್ವೆಯವರದು. ಗಡಿ, ಗಡಿಕಲ್ಲು, ಇರುವ ಮರ, ಬಾವಿ, ಕಂಬ, ನೆಲದ ಮಟ್ಟ ಎಲ್ಲ ಅದರಲ್ಲಿ. ಗಡಿಯ ಒಂದು ಗೆರೆಯೂ ಬೇರೆ ಯಾವ ಫೈಲಿನಲ್ಲೂ ಇರಬಾರದು. `C-ROAD`ನಲ್ಲಿ ರಸ್ತೆ ಮಾತ್ರ, `C-DRAIN`ನಲ್ಲಿ ಚರಂಡಿ ಮಾತ್ರ. `SHEET-01`ರಲ್ಲಿ ಯಾರ ಗೆರೆಯೂ ಇಲ್ಲ. ಅದು ಎಲ್ಲರನ್ನೂ ಎಕ್ಸ್‌ರೆಫ್ ಆಗಿ ಕರೆದು, ಟೈಟಲ್ ಬ್ಲಾಕ್ ಮತ್ತು ವ್ಯೂಪೋರ್ಟ್ ಹಾಕಿ, ಪ್ರಿಂಟ್ ತೆಗೆಯುವ ಫೈಲ್ ಅಷ್ಟೆ. ಸರ್ವೆಯ ಗಡಿ ಲೇಯರ್ ಚರಂಡಿಯವರ ಫೈಲಿನಲ್ಲಿ ಕಾಣುವುದು `S-BASE|BOUNDARY` ಎಂದು, ನಡುವೆ ಒಂದು ಉದ್ದ ಗೆರೆ. ಆ ಗೆರೆಯ ಎಡಕ್ಕಿರುವ ಹೆಸರು ನೋಡಿದರೆ ಸಾಕು, ಯಾರ ಆಸ್ತಿ ಎಂದು ಗೊತ್ತಾಗುತ್ತೆ. ಆ ಲೇಯರಿನ ಬಣ್ಣವನ್ನು ನಿಮ್ಮ ಫೈಲಿನ ಮಟ್ಟಿಗೆ ಬದಲಿಸಿಕೊಳ್ಳಿ, `VISRETAIN` 1 ಇದ್ದರೆ ಮುಂದಿನ ಸಲ ತೆರೆದಾಗಲೂ ನಿಮ್ಮ ಬಣ್ಣವೇ ಉಳಿಯುತ್ತೆ. ಅದರ ಮೇಲೆ ಗೆರೆ ಎಳೆಯಲು ಹೋದರೆ ಮಾತ್ರ ಆ ಲೇಯರ್ ಕರೆಂಟ್ ಆಗಲು ಒಪ್ಪುವುದಿಲ್ಲ.

ಪಾಲೇನೋ ಆಯಿತು. ಈಗ ಐದೂ ಫೈಲ್ ಒಂದರ ಮೇಲೊಂದು ಸರಿಯಾಗಿ ಕೂರಬೇಕಲ್ಲ? ಇಲ್ಲಿ ಇಬ್ಬರು ಕಲಾವಿದರು ಸಿಗುತ್ತಾರೆ.

ಮೊದಲನೆಯವರು ಕಣ್ಣಳತೆಯ ಕಲಾವಿದರು. `XATTACH` ಕೊಟ್ಟು, `S-BASE` ಆರಿಸಿ, ಇನ್ಸರ್ಷನ್ ಪಾಯಿಂಟ್ ಕೇಳಿದಾಗ ಸ್ಕ್ರೀನಿನ ಮೇಲೆ ಚೆನ್ನಾಗಿ ಕಾಣುವ ಒಂದು ಕಡೆ ಮೌಸ್ ಒತ್ತುತ್ತಾರೆ. ಆಮೇಲೆ `MOVE` ಮಾಡಿ ರಸ್ತೆಗೆ ಹೊಂದಿಸುತ್ತಾರೆ. "ಕೂತಿತು ನೋಡಿ!" ಕೂತದ್ದು ಅವರ ಫೈಲಿನಲ್ಲಿ. ಚರಂಡಿಯವರು ಅದೇ `S-BASE` ಅನ್ನು ಬೇರೆ ಕಡೆ ಕೂರಿಸಿಕೊಂಡಿದ್ದಾರೆ. ಶೀಟಿನಲ್ಲಿ ಇಬ್ಬರೂ ಸೇರಿದಾಗ ಚರಂಡಿ ರಸ್ತೆಯ ನಡುವೆ ಹರಿಯುತ್ತಿರುತ್ತೆ. ಸರಿಯಾದದ್ದು ಬಹಳ ನೀರಸ: ಸ್ಕ್ರೀನಿನಲ್ಲಿ ಬಿಂದು ಕೇಳುವ `Specify On-screen` ಟಿಕ್ ತೆಗೆದು, ಬಿಂದು 0,0,0, ಸ್ಕೇಲ್ 1, ತಿರುವು 0 ಎಂದು ಬಿಟ್ಟು ಓಕೆ ಒತ್ತುವುದು. ಸರ್ವೆ, ರಸ್ತೆ, ಚರಂಡಿ, ಗಿಡ ನಾಲ್ಕೂ ಸರ್ವೆಯ ಕೋಆರ್ಡಿನೇಟಿನಲ್ಲೇ ಬರೆದವಾದರೆ ತಾವಾಗಿ ಕೂರುತ್ತವೆ, ಯಾರೂ ಸರಿಸಬೇಕಿಲ್ಲ.

ಕೂತಿದೆಯೋ ಇಲ್ಲವೋ ತಿಳಿಯಲು ಕಣ್ಣನ್ನು ನಂಬಬೇಡಿ. ಒಂದು ಗಡಿಕಲ್ಲು ಹಿಡಿಯಿರಿ. `ID` ಕೊಟ್ಟು ಅದರ ಮೇಲೆ ಸ್ನ್ಯಾಪ್ ಹಿಡಿದು ಒತ್ತಿದರೆ ಕೆಳಗೆ ಹೀಗೆ ಬರುತ್ತೆ:

```
X = 793412.350  Y = 1466085.720  Z = 0.000
```

ಈ ನಾಲ್ಕು ಫೈಲಿನಲ್ಲೂ ಆ ಕಲ್ಲಿಗೆ ಇದೇ ಅಂಕಿ ಬರಬೇಕು. ಒಂದರಲ್ಲಿ ಬೇರೆ ಬಂದರೆ ಯಾರೋ ಮೌಸ್ ಒತ್ತಿದ್ದಾರೆ. `S-BASE`ನಲ್ಲಿ ಒಂದು, ಮಿಕ್ಕ ಮೂರರಲ್ಲೂ ಇನ್ನೊಂದು ಬಂದರೆ `S-BASE`ನ `INSBASE` ಸೊನ್ನೆಯಿಂದ ಕದಲಿದೆ. (ಅಂಕಿ ಇಷ್ಟು ದೊಡ್ಡದೇಕೆಂದು ಬೆಚ್ಚಬೇಡಿ. ಬೆಂಗಳೂರಿನ ಸುತ್ತಮುತ್ತ ಯುಟಿಎಂ 43ನೇ ವಲಯದ ಮೀಟರಿನ ಲೆಕ್ಕ ಸುಮಾರು ಹೀಗೇ ಇರುತ್ತೆ.)

ಎರಡನೆಯ ಕಲಾವಿದರು ಆರ್ಕಿಟೆಕ್ಟರು. ಅವರ ಮಟ್ಟಿಗೆ ಮೀಟರ್ ಎನ್ನುವುದು ಒರಟರ ಅಳತೆ. ಅವರದು ಮಿಲಿಮೀಟರ್, ಗೋಡೆ 230, ಬಾಗಿಲು 900. ಸರ್ವೆಯವರದು ಮೀಟರ್. ಸರ್ವೆಯ ಜಾಗಕ್ಕೇ ಹೋಗಿ ಮಿಲಿಮೀಟರಿನಲ್ಲಿ ಮನೆ ಬರೆಯುತ್ತೇನೆಂದು ಹೊರಟರೆ ಆ ಗಡಿಕಲ್ಲಿನ ಅಂಕಿ 79 ಕೋಟಿ 34 ಲಕ್ಷ ಚಿಲ್ಲರೆ ಆಗುತ್ತೆ. ದೇವನಹಳ್ಳಿಯ ಜಮೀನಿನ ಬೆಲೆಯಂತೆ ಕೇಳಿಸುವ ಈ ಅಂಕಿಗೆ ಆಟೋಕ್ಯಾಡ್‌ಗೂ ತಲೆ ತಿರುಗುತ್ತೆ. ಸೊನ್ನೆಯಿಂದ ಅಷ್ಟು ದೂರ ಹೋದರೆ ಹ್ಯಾಚ್ ತುಂಬಲು ತಕರಾರು ಮಾಡುತ್ತೆ, ಝೂಮ್ ಮಾಡಿದಾಗ ಗೆರೆ ನಡುಗುತ್ತೆ, ವೃತ್ತ ಸೊಟ್ಟಗೆ ಕಾಣುತ್ತೆ.

ಆದ್ದರಿಂದ ಮನೆಯ ಫೈಲ್ ಮಾತ್ರ ಈ ಕಟ್ಟಳೆಗೆ ಅಪವಾದ. `A-BLDG` ತನ್ನ ಪಾಡಿಗೆ ಮಿಲಿಮೀಟರಿನಲ್ಲಿ, ಸೊನ್ನೆಯ ಹತ್ತಿರ, ನೇರವಾಗಿ ನಿಂತಿರಲಿ. ಕಟ್ಟಡದ ಒಂದು ಮೂಲೆಯ ಕಾಲಮ್ಮಿನ ಮಧ್ಯ 0,0ಯಲ್ಲಿರಲಿ. ಶೀಟಿನಲ್ಲಿ ಅದನ್ನು ಕರೆಯುವಾಗ ಆ ಕಾಲಂ ಸೈಟಿನಲ್ಲಿ ಎಲ್ಲಿ ಬರಬೇಕೋ ಆ ಕೋಆರ್ಡಿನೇಟನ್ನು ಟೈಪ್ ಮಾಡಿ, ಮನೆ ಎಷ್ಟು ಡಿಗ್ರಿ ತಿರುಗಬೇಕೋ ಅದನ್ನೂ ಕೊಡಿ. ಸ್ಕೇಲಿನ ಗೊಡವೆ ಬೇಡ. ಮನೆಯ ಫೈಲಿನಲ್ಲಿ `INSUNITS` 4, ಅಂದರೆ ಮಿಲಿಮೀಟರ್, ಶೀಟಿನಲ್ಲಿ 6, ಅಂದರೆ ಮೀಟರ್ ಎಂದು ಇದ್ದರೆ ಅದು ತಾನಾಗಿಯೇ ಸಾವಿರದಿಂದ ಭಾಗಿಸಿಕೊಳ್ಳುತ್ತೆ. ಡೈಲಾಗಿನಲ್ಲಿ `Factor` ಎಂಬ ಕಡೆ 0.001 ಎಂದು ತೋರಿಸುತ್ತೆ ಕೂಡ. ಅಷ್ಟು ತೋರಿಸಿದರೂ ನಂಬದೆ, ತಾವೂ ಸ್ಕೇಲಿನಲ್ಲಿ 0.001 ಹೊಡೆಯುವ ಕರ್ಮನಿಷ್ಠರಿದ್ದಾರೆ. ಎರಡು ಸಲ ಭಾಗಿಸಿದ ಮೇಲೆ 30 ಮೀಟರಿನ ಮನೆ ಸೈಟಿನ ಮೇಲೆ 3 ಸೆಂಟಿಮೀಟರ್ ಆಗಿರುತ್ತೆ. "ಸಾರ್, ಎಕ್ಸ್‌ರೆಫ್ ಬರ್ತಾನೇ ಇಲ್ಲ" ಎನ್ನುತ್ತಾರೆ. ಬಂದಿದೆ ಮಹರಾಯ, ಝೂಮ್ ಮಾಡು.

ಇನ್ನು ಬರುವುದು ಬಹುಪಾಲು ಆಫೀಸುಗಳು ಮುಗ್ಗರಿಸುವ ಜಾಗ. ಎಕ್ಸ್‌ರೆಫ್ ಕರೆಯುವಾಗ `Attachment` ಅಥವಾ `Overlay` ಎಂದು ಎರಡರಲ್ಲಿ ಒಂದನ್ನು ಆರಿಸಬೇಕು. ಡೈಲಾಗಿನ ಮೂಲೆಯಲ್ಲಿ ಅದು ಮುಗ್ಧವಾಗಿ ಕೂತಿರುತ್ತೆ, ಯಾರೂ ಓದುವುದಿಲ್ಲ. ಮದುವೆಯ ಕರೆಯೋಲೆ ನೆನಪಿಸಿಕೊಳ್ಳಿ. ಅಟ್ಯಾಚ್ ಎಂದರೆ ಒಬ್ಬರನ್ನು ನಿಮ್ಮ ಕುಟುಂಬಕ್ಕೆ ಸೇರಿಸಿಕೊಂಡಂತೆ, ಕರೆಯೋಲೆಯ ಸಕುಟುಂಬ ಸಪರಿವಾರ ಸಮೇತಕ್ಕೆ ಅವರೂ ಲೆಕ್ಕ. ಮುಂದೆ ನಿಮ್ಮನ್ನು ಯಾರು ಕರೆದರೂ ನೀವು ಅವರನ್ನೆಲ್ಲ ಕಟ್ಟಿಕೊಂಡು ಹೋಗುತ್ತೀರಿ. ಓವರ್‌ಲೇ ಮಾಡಿಕೊಂಡವರನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೀರಿ.

ಈಗ ನಮ್ಮ ಲೇಔಟಿಗೆ ಇದನ್ನು ಹಾಕಿ ನೋಡಿ. ರಸ್ತೆಯವರು `S-BASE` ಅನ್ನು ಅಟ್ಯಾಚ್ ಮಾಡಿಕೊಂಡಿದ್ದಾರೆ. ಚರಂಡಿಯವರೂ ಹಾಗೆಯೇ, ಗಿಡದವರೂ ಹಾಗೆಯೇ. ಶೀಟಿನಲ್ಲಿ ಮೂವರನ್ನೂ ಕರೆದಾಗ ಒಬ್ಬೊಬ್ಬರೂ ಸರ್ವೆಯನ್ನು ಜೊತೆಗೆ ತಂದರು. ಶೀಟಿನವರೂ ಸ್ವತಃ ಕರೆದಿದ್ದರು. ಹೀಗೆ ಒಂದೇ ಗಡಿ ನಾಲ್ಕು ಸಲ, ಒಂದರ ಮೇಲೊಂದು. ಎಲ್ಲವೂ 0,0ಯಲ್ಲೇ ಇದ್ದರೆ ಕಣ್ಣಿಗೆ ಒಂದೇ ಗಡಿ ಕಾಣುತ್ತೆ, ಫೈಲ್ ಮಾತ್ರ ತೆವಳುತ್ತೆ. ಅದರಲ್ಲೊಬ್ಬರು ಮೌಸ್ ಒತ್ತಿದ ಕಲಾವಿದರಾಗಿದ್ದರೆ ಶೀಟಿನಲ್ಲಿ ಎರಡು ಕಾಂಪೌಂಡು. ನಕಲು ಬೇಡವೆಂದು ಎಕ್ಸ್‌ರೆಫ್ ಹಿಡಿದವರಿಗೆ ನಕಲೇ ಬೇರೆ ದಾರಿಯಿಂದ ಬಂತು!

ಇನ್ನೂ ಸ್ವಾರಸ್ಯ ಇದೆ. ರಸ್ತೆಯವರಿಗೆ ಚರಂಡಿ ಎಲ್ಲಿದೆ ನೋಡಬೇಕು, ಚರಂಡಿಯವರಿಗೆ ರಸ್ತೆ ಎಲ್ಲಿದೆ ನೋಡಬೇಕು. ನ್ಯಾಯವೇ. ಇಬ್ಬರೂ ಒಬ್ಬರನ್ನೊಬ್ಬರು ಅಟ್ಯಾಚ್ ಮಾಡಿಕೊಂಡರು. ರಸ್ತೆಯೊಳಗೆ ಚರಂಡಿ, ಅದರೊಳಗೆ ರಸ್ತೆ, ಅದರೊಳಗೆ ಮತ್ತೆ ಚರಂಡಿ. ಆಟೋಕ್ಯಾಡ್ ಇದನ್ನು ಸರ್ಕ್ಯುಲರ್ ರೆಫರೆನ್ಸ್ ಎಂದು ಕಂಡುಹಿಡಿದು ಎಚ್ಚರಿಸುತ್ತೆ, ಕೊಂಡಿಯನ್ನು ಕತ್ತರಿಸಿ ಮುಂದೆ ಹೋಗಲೇ ಎಂದು ಕೇಳುತ್ತೆ. ಇಬ್ಬರೂ ಓವರ್‌ಲೇ ಮಾಡಿಕೊಂಡಿದ್ದರೆ ಈ ಗೋಳೇ ಇಲ್ಲ. ರಸ್ತೆಯವರ ಫೈಲಿಗೆ ಚರಂಡಿ ಒಂಟಿಯಾಗಿ ಬರುತ್ತೆ, ತನ್ನ ಓವರ್‌ಲೇಗಳನ್ನು ಮನೆಯಲ್ಲೇ ಬಿಟ್ಟು.

ಹಾಗಾಗಿ ನಮ್ಮಂಥ ಲೇಔಟಿಗೆ ಕಟ್ಟಳೆ ಒಂದೇ ಸಾಲಿನದು. ಕೆಲಸದ ಫೈಲುಗಳು ಪರಸ್ಪರ ನೋಡಿಕೊಳ್ಳುವುದಕ್ಕೆ ಓವರ್‌ಲೇ, ಶೀಟು ಮಾತ್ರ ಪ್ರತಿಯೊಬ್ಬರನ್ನೂ ತಾನೇ ನೇರವಾಗಿ ಒಂದೊಂದು ಸಲ ಕರೆಯಬೇಕು. ಯಾರು ಯಾರನ್ನು ಕಟ್ಟಿಕೊಂಡು ಬಂದಿದ್ದಾರೆ ಎಂಬ ಅನುಮಾನ ಬಂದರೆ `XREF` ಪ್ಯಾಲೆಟ್ ತೆರೆದು ಎಫ್4 ಒತ್ತಿ. ವಂಶವೃಕ್ಷದ ಹಾಗೆ ಎಲ್ಲ ಹೊರಬೀಳುತ್ತೆ. `C-ROAD`ನ ಕೆಳಗೆ `S-BASE` ನೇತಾಡುತ್ತಿದ್ದರೆ, ರಸ್ತೆಯವರನ್ನು ಚಹಾಕ್ಕೆ ಕರೆದುಕೊಂಡು ಹೋಗಿ ಅಟ್ಯಾಚನ್ನು ಓವರ್‌ಲೇ ಮಾಡಲು ಒಪ್ಪಿಸಿ.

ಇಷ್ಟೆಲ್ಲ ಕಟ್ಟಳೆ ಮಾಡಿಕೊಂಡದ್ದು ಯಾವ ದಿನಕ್ಕೆ? ಗಡಿ ಸರಿಯುವ ದಿನಕ್ಕೆ. ನಮ್ಮಲ್ಲಿ ಗಡಿ ಸರಿಯದ ಲೇಔಟ್ ಉಂಟೇ? ಎಲ್ಲ ಮುಗಿಯಿತು ಎನ್ನುವಾಗ ಪೂರ್ವದ ಪಕ್ಕದ ತೋಟದವರು ತಕರಾರು ತೆಗೆಯುತ್ತಾರೆ, ಹದ್ದುಬಸ್ತು ಸರ್ವೆಗೆ ಅರ್ಜಿ ಹೋಗುತ್ತೆ, ಸರ್ಕಾರಿ ಸರ್ವೆಯರ್ ಬಂದು ಅಳೆದು ಕಲ್ಲು ನೆಡಿಸುತ್ತಾರೆ. ಪೂರ್ವದ ಗಡಿ ಉದ್ದಕ್ಕೂ 1.20 ಮೀಟರ್ ಒಳಗೆ ಬಂತು ಅಂದುಕೊಳ್ಳಿ.

ಐದು ನಕಲಿನ ಆಫೀಸಿನಲ್ಲಿ ಆಮೇಲೆ ನಡೆಯುವುದು ಊಹಿಸಿಕೊಳ್ಳಬಹುದು. ಸರ್ವೆಯವರು ಮಿಕ್ಕ ನಾಲ್ವರಿಗೂ ಮೇಲ್ ಹಾಕುತ್ತಾರೆ. ಇಬ್ಬರು ಓದುತ್ತಾರೆ, ಒಬ್ಬರು ತಿದ್ದುತ್ತಾರೆ, ಅದೂ ಪಶ್ಚಿಮದ ಗಡಿಯನ್ನು.

ಎಕ್ಸ್‌ರೆಫ್ ಆಫೀಸಿನಲ್ಲಿ ಸರ್ವೆಯವರು `S-BASE` ಒಂದನ್ನೇ ತೆರೆದು, ಹೊಸ ಕಲ್ಲುಗಳಿಗೆ ಗಡಿ ಎಳೆದು, ಸೇವ್ ಮಾಡುತ್ತಾರೆ. ಮಿಕ್ಕವರು ಅದೇ ಫೈಲನ್ನು ಎಕ್ಸ್‌ರೆಫ್ ಮಾಡಿ ಕೂತಿರುವಾಗ ಅವರು ಹೇಗೆ ತೆರೆದು ತಿದ್ದಿದರು ಎಂದು ಕೇಳಬಹುದು. `XLOADCTL` ಎನ್ನುವುದು ಮಾಮೂಲಾಗಿ 2 ಇರುತ್ತೆ. ಹಾಗಿದ್ದರೆ ನೋಡುವವರಿಗೆ ಸಿಗುವುದು ತಾತ್ಕಾಲಿಕ ಪ್ರತಿ, ಅಸಲಿಗೆ ಬೀಗ ಬೀಳುವುದಿಲ್ಲ. ಯಾರಾದರೂ ಅದನ್ನು 1 ಮಾಡಿಟ್ಟಿದ್ದರೆ ಅಸಲೇ ಸಿಕ್ಕಿಹಾಕಿಕೊಂಡು, ಸರ್ವೆಯವರೇ ತಮ್ಮ ಫೈಲಿನ ಹೊರಗೆ ನಿಲ್ಲಬೇಕಾಗುತ್ತೆ.

ಸೇವ್ ಆದ ಸ್ವಲ್ಪ ಹೊತ್ತಿಗೆ ಚರಂಡಿಯವರ ಸ್ಕ್ರೀನಿನ ಬಲ ಕೆಳಮೂಲೆಯಲ್ಲಿ ಒಂದು ಗುಳ್ಳೆ ಏಳುತ್ತೆ: ಎಕ್ಸ್‌ರೆಫ್ ಬದಲಾಗಿದೆ, ರೀಲೋಡ್ ಮಾಡಿ. ತಕ್ಷಣ ಬರುವುದಿಲ್ಲ. ಮಾಮೂಲಾಗಿ ಐದು ನಿಮಿಷಕ್ಕೊಮ್ಮೆ ಅದು ಇಣುಕಿ ನೋಡುವುದು. ರೀಲೋಡ್ ಒತ್ತಿದರೆ ಗಡಿ ಜಗ್ಗನೆ ಒಳಗೆ ಬರುತ್ತೆ. ಎಲ್ಲಿ ಏನು ಬದಲಾಯಿತೆಂದು ಬಣ್ಣ ಹಾಕಿ ತೋರಿಸುವ ಸೌಲಭ್ಯವೂ 2021ರ ಆವೃತ್ತಿಯಿಂದ ಇದೆ. ಬೆಳಗ್ಗೆ ಬದಲಿಸಿ ಸಂಜೆ ಮನೆಗೆ ಹೊರಡುವಾಗ ಸೇವ್ ಮಾಡುವ ಅಭ್ಯಾಸದವರು ಸರ್ವೆ ಕುರ್ಚಿಯಲ್ಲಿದ್ದರೆ ಮಾತ್ರ ಇಡೀ ಆಫೀಸು ಸಂಜೆಯವರೆಗೆ ಹಳೇ ಗಡಿಯಲ್ಲೇ ಸಂಸಾರ ಮಾಡುತ್ತಿರುತ್ತೆ.

ಗಡಿ ಬಂತು. ಮುಂದೆ? ಚರಂಡಿಯ ಮಧ್ಯಗೆರೆ ಹಳೇ ಕಾಂಪೌಂಡಿನಿಂದ 1.50 ಮೀಟರ್ ಒಳಗಿತ್ತು. ಚರಂಡಿಯ ಹೊರಗಿನಿಂದ ಹೊರಗಿನ ಅಗಲ 0.90 ಮೀಟರ್, ಅಂದರೆ ಮಧ್ಯಗೆರೆಯಿಂದ ಆ ಕಡೆ 0.45. ಗಡಿ 1.20 ಒಳಗೆ ಬಂದಾಗ ಮಧ್ಯಗೆರೆಗೂ ಗಡಿಗೂ ಉಳಿದದ್ದು 0.30. ಚರಂಡಿಗೆ ಬೇಕಾದದ್ದು 0.45. ಅಂದರೆ ಚರಂಡಿಯ ಗೋಡೆ 15 ಸೆಂಟಿಮೀಟರ್ ಪಕ್ಕದವರ ತೋಟದಲ್ಲಿ, ಅದೂ ಈಗಷ್ಟೇ ತಕರಾರು ತೆಗೆದು ಗೆದ್ದವರ ತೋಟದಲ್ಲಿ!

ಎಕ್ಸ್‌ರೆಫ್ ಇದನ್ನು ತೋರಿಸುತ್ತೆ, ಸರಿಪಡಿಸುವುದಿಲ್ಲ. ಗಡಿ ಸರಿದರೆ ಚರಂಡಿ ತಾನಾಗಿ ಸರಿಯುತ್ತೆ ಎಂದು ನಂಬಿ ಕೂತವರಿದ್ದಾರೆ. ಅದು ಚರಂಡಿಯವರ ಗೆರೆ, ಅವರೇ ಸರಿಸಬೇಕು. ಸರಿಸಿದರೆ ಚೇಂಬರ್ ಸರಿಯುತ್ತೆ, ರಸ್ತೆಯ ಅಂಚಿನ ಜೊತೆ ಜಗಳ ಬರುತ್ತೆ, ಆಗ ರಸ್ತೆಯವರ ಮೂಲೆಯಲ್ಲಿ ಗುಳ್ಳೆ ಏಳುತ್ತೆ. ಸುದ್ದಿ ಹೀಗೆ ಯಜಮಾನರಿಂದ ಯಜಮಾನರಿಗೆ ಹೋಗುತ್ತೆ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ತಿದ್ದುತ್ತಾರೆ.

ಮೋಸ ಮಾಡುವವು ಅಳತೆಗಳು. ಮನೆಯಿಂದ ಪೂರ್ವದ ಗಡಿಗೆ ಬಿಟ್ಟ ಜಾಗ 5.00 ಮೀಟರ್ ಎಂದು ಶೀಟಿನಲ್ಲಿ ಡೈಮೆನ್ಷನ್ ಇತ್ತು. ಈಗ ಅದು 3.80 ಆಗಬೇಕು. ಎಕ್ಸ್‌ರೆಫ್ ಗೆರೆಗೆ ಕಟ್ಟಿದ ಡೈಮೆನ್ಷನ್ ಕೆಲವೊಮ್ಮೆ ತಾನಾಗಿ ಏಳುವುದಿಲ್ಲ, ಫೈಲ್ ತೆರೆದ ಮೇಲೆ `DIMREGEN` ಕೊಟ್ಟು ಎಬ್ಬಿಸಬೇಕು. ಅಷ್ಟಾದರೂ 5.00 ಅಂತಲೇ ಹಲ್ಲುಕಿರಿದರೆ ಡೈಮೆನ್ಷನ್ ಆರಿಸಿ ಪ್ರಾಪರ್ಟೀಸಿನಲ್ಲಿ `Text override` ನೋಡಿ. ಯಾವುದೋ ಕಾಲದಲ್ಲಿ 4.98 ಬಂದದ್ದನ್ನು ನೋಡಲಾರದೆ ಯಾರೋ ಪುಣ್ಯಾತ್ಮರು ಅಲ್ಲಿ 5.00 ಎಂದು ಕೈಯಾರೆ ಟೈಪ್ ಮಾಡಿರುತ್ತಾರೆ. ಗಡಿ ಊರಾಚೆ ಹೋದರೂ ಅದು 5.00 ಎಂದೇ ಹೇಳುತ್ತೆ.

ಇದಕ್ಕಿಂತ ನಾಜೂಕಾದ ಮೋಸ ಇನ್ನೊಂದಿದೆ, ಅದನ್ನು ಮಾಡುವವರು ಬಹಳ ಅಚ್ಚುಕಟ್ಟಿನವರು. ಗಡಿ ತಿದ್ದಿದ ಸರ್ವೆಯವರು ಹಳೆಯದು ಹಾಳಾಗಬಾರದೆಂದು ಹೊಸದನ್ನು `S-BASE-R1.dwg` ಎಂದು ಸೇವ್ ಮಾಡುತ್ತಾರೆ. ಎಲ್ಲರ ಎಕ್ಸ್‌ರೆಫ್ ಹುಡುಕುವುದು `S-BASE.dwg` ಎಂಬ ಹೆಸರನ್ನು. ಅದು ಅಲ್ಲೇ ಇದೆ, ಬದಲಾಗಿಲ್ಲ. ಗುಳ್ಳೆ ಏಳುವುದಿಲ್ಲ, ದೋಷ ತೋರಿಸುವುದಿಲ್ಲ, ಎಲ್ಲರೂ ನೆಮ್ಮದಿಯಾಗಿ ಹಳೇ ಗಡಿಯ ಮೇಲೆ ಕೆಲಸ ಮಾಡುತ್ತಾರೆ. ಆದ್ದರಿಂದ ಹೆಸರು ಬದಲಾಗಬೇಕಾದದ್ದು ಹಳೆಯದರದ್ದು. ಹಳೆಯ ಪ್ರತಿಗೆ ತಾರೀಖು ಅಂಟಿಸಿ ಬೇರೆ ಫೋಲ್ಡರಿಗೆ ಕಳಿಸಿ. ಚಾಲ್ತಿಯಲ್ಲಿರುವುದು ಎಂದೆಂದಿಗೂ `S-BASE.dwg`.

ಆಫೀಸಿನೊಳಗೆ ಇಷ್ಟು ಸರಿಹೋದರೆ ಹೊರಗೆ ಕಳಿಸುವ ಪ್ರಹಸನ ಶುರು. "ಡ್ರಾಯಿಂಗ್ ಮೇಲ್ ಮಾಡಿದೀನಿ ಸಾರ್" ಎನ್ನುತ್ತಾರೆ. ಹೋಗಿರುವುದು `SHEET-01.dwg` ಒಂದೇ. ಗುತ್ತಿಗೆದಾರರು ತೆರೆದು ನೋಡಿದರೆ ಟೈಟಲ್ ಬ್ಲಾಕು ಭರ್ಜರಿ, ಒಳಗೆ ಬಟಾಬಯಲು. ಬಯಲಿನಲ್ಲಿ ಅಲ್ಲಲ್ಲಿ ಒಂದು ಸಾಲು ಬರಹ: ಸಿಗದ ಎಕ್ಸ್‌ರೆಫ್ ತನ್ನ ಜಾಗದಲ್ಲಿ ತನ್ನ ಪಾತ್ ಬರೆದುಕೊಂಡು ನಿಲ್ಲುತ್ತೆ. ಆ ಪಾತ್ `D:\` ಎಂದು ಶುರುವಾಗಿ ಯಾರದೋ ಡೆಸ್ಕ್‌ಟಾಪಿನ ಮೂಲಕ ಹಾದುಹೋಗಿದ್ದರೆ ರೋಗ ಯಾವುದೆಂದು ಅಲ್ಲೇ ಗೊತ್ತಾಯಿತು. ಪೂರ್ಣ ವಿಳಾಸ ಬರೆದಿಟ್ಟುಕೊಂಡ ಎಕ್ಸ್‌ರೆಫ್ ಬೇರೆ ಕಂಪ್ಯೂಟರಿನಲ್ಲಿ ಅನಾಥ. ರಿಲೇಟಿವ್ ಪಾತ್ ಇದ್ದರೆ ಹೀಗೆ ಕಾಣುತ್ತೆ:

```
..\01-SURVEY\S-BASE.dwg
```

ಇದ್ದಲ್ಲಿಂದ ಒಂದು ಮೆಟ್ಟಿಲು ಮೇಲೆ ಹೋಗಿ ಸರ್ವೆ ಫೋಲ್ಡರಿಗೆ ಇಳಿ ಎಂದು ಅರ್ಥ. ಇಡೀ `LAYOUT` ಫೋಲ್ಡರನ್ನು ಯಾವ ಡ್ರೈವಿಗೆ ಎತ್ತಿಕೊಂಡು ಹೋದರೂ ಒಳಗಿನ ನೆಂಟಸ್ತಿಕೆ ಹಾಗೇ ಉಳಿಯುತ್ತೆ. ಮತ್ತೊಂದು ಉಪಾಯವೂ ಇದೆ: ಹೇಳಿದ ಪಾತಿನಲ್ಲಿ ಸಿಗದಿದ್ದರೆ ಆಟೋಕ್ಯಾಡ್ ಶೀಟ್ ಇರುವ ಫೋಲ್ಡರಿನಲ್ಲೂ ಹುಡುಕುತ್ತೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ತೆರೆದರೂ ಕೆಲಸ ನಡೆಯುತ್ತೆ. ಇದ್ಯಾವುದೂ ತಲೆನೋವು ಬೇಡವೆಂದರೆ `ETRANSMIT` ಕೊಡಿ. ಶೀಟು, ಅದು ಕರೆದವರು, ಪ್ರಿಂಟಿನ ಪೆನ್ ಸೆಟ್ಟಿಂಗು ಎಲ್ಲವನ್ನೂ ಹುಡುಕಿ ಒಂದು ಜಿಪ್ ಗಂಟು ಕಟ್ಟಿಕೊಡುತ್ತೆ.

"ಅಷ್ಟೆಲ್ಲ ಯಾಕೆ ಸಾರ್, `BIND` ಮಾಡಿಬಿಟ್ರೆ ಒಂದೇ ಫೈಲ್ ಆಗುತ್ತಲ್ಲ?" ಬಂದರು ನೋಡಿ ಬೈಂಡ್ ವೀರರು. ಆಗುತ್ತೆ, ಎಲ್ಲರ ಗೆರೆಗಳೂ ಶೀಟಿನೊಳಗೆ ಬಂದು ಬೀಳುತ್ತವೆ, ಕೊಂಡಿ ಕಳಚುತ್ತೆ. ಇಷ್ಟು ಹೊತ್ತು ಕಷ್ಟಪಟ್ಟು ತಪ್ಪಿಸಿದ ನಕಲು ಒಂದೇ ಏಟಿಗೆ ಹುಟ್ಟಿತು. `S-BASE|BOUNDARY` ಇದ್ದದ್ದು `S-BASE$0$BOUNDARY` ಆಗುತ್ತೆ. ಲೇಯರ್ ಪಟ್ಟಿಯ ತುಂಬ ಡಾಲರ್ ಕಂಡರೆ ಆಫೀಸಿಗೆ ವಿದೇಶಿ ಕೆಲಸ ಬಂದಿದೆ ಎಂದುಕೊಳ್ಳಬೇಡಿ, ಯಾರೋ ಬೈಂಡ್ ಮಾಡಿದ್ದಾರೆ. ಪ್ಲಾನ್ ಮಂಜೂರಾತಿಗೆ ಒಂದೇ ಫೈಲ್ ಕೇಳುತ್ತಾರೆ, ಬೈಂಡ್ ಬೇಕೇ ಬೇಕು, ಅದು ಸರಿ. ಆದರೆ ಬೈಂಡ್ ಮಾಡಬೇಕಾದದ್ದು ಕಳಿಸುವ ಪ್ರತಿಯನ್ನು. ವೀರರು ಕೆಲಸದ ಶೀಟನ್ನೇ ಬೈಂಡ್ ಮಾಡಿ ಸೇವ್ ಒತ್ತಿರುತ್ತಾರೆ. ಮರುದಿನ ಗಡಿ ತಿದ್ದಿದರೆ ಎಲ್ಲರ ಫೈಲಿನಲ್ಲೂ ಸರಿಯುತ್ತೆ, ಪ್ರಿಂಟ್ ಹೋಗುವ ಶೀಟಿನಲ್ಲಿ ಮಾತ್ರ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರು ಕನ್ನಡಕ ಹಣೆಗೇರಿಸಿ ಹೇಳುತ್ತಾರೆ, "ಇದೆಲ್ಲ ಸರಿ, ಇದಕ್ಕೆ ಒಬ್ಬೊಬ್ಬರು ತಮ್ತಮ್ಮ ಗೆರೆ ಎಳೀಬೇಕು, ಬೇರೆಯವರ ಗೆರೆ ಮುಟ್ಟಬಾರದು, ಹೆಸರು ಬದಲಿಸಬಾರದು, ಹೊತ್ತುಹೊತ್ತಿಗೆ ಸೇವ್ ಮಾಡಬೇಕು. ನಮ್ಮ ಆಫೀಸಲ್ಲಿ ಸಾಧ್ಯಾನಾ?" ಸಾಧ್ಯವೇ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ನಿಮ್ಮ ಶೀಟ್ ತೆರೆದು ಪೂರ್ವದ ಕಾಂಪೌಂಡಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಇಡೀ ಸರ್ವೆ ಒಟ್ಟಿಗೆ ಆಯ್ಕೆಯಾಗಿ, `XREF` ಪ್ಯಾಲೆಟ್ಟಿನಲ್ಲೂ `S-BASE` ಇದ್ದರೆ ಅದು ಎಕ್ಸ್‌ರೆಫ್, ಯಜಮಾನರು ಒಬ್ಬರೇ, ನಿಶ್ಚಿಂತೆಯಿಂದ ಪ್ರಿಂಟ್ ಕೊಡಿ. ಗೋಡೆಯ ಗೆರೆ ಒಂದೇ ನೀಲಿ ಚುಕ್ಕಿಗಳನ್ನು ತೊಟ್ಟುಕೊಂಡು ಎದ್ದು ಕೂತರೆ ಅದು ಯಾರೋ ಎಳೆದಿಟ್ಟ ನಕಲು. ಅಳಿಸುವ ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಪಾಯ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.